ದಾಂಪತ್ಯದಲ್ಲಿ ಸಹಜ ಅಸೂಯೆ ಮತ್ತು ನಿಯಂತ್ರಣದ ವರ್ತನೆ: ಅರ್ಜಿದಾರರಿಗೆ ಮಾಹಿತಿ

ಪತಿಯು ಮೊಬೈಲ್ ಪರಿಶೀಲಿಸುವುದು ಅಥವಾ ಗೆಳತಿಯರನ್ನು ಭೇಟಿಯಾಗದಂತೆ ತಡೆಯುವುದು ದೌರ್ಜನ್ಯವೇ, ಇಲ್ಲವೇ ಅತಿಯಾದ ಪ್ರೀತಿಯೇ ಎಂಬ ಸಂದೇಹ ಅನೇಕ ಮಹಿಳೆಯರಲ್ಲಿರುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ದೈಹಿಕ ಹಲ್ಲೆಯೊಂದಿಗೆ ಮಾತಿನ ಹಾಗೂ ಭಾವನಾತ್ಮಕ ದೌರ್ಜನ್ಯವನ್ನೂ ಒಳಗೊಂಡಿದೆ.

ವ್ಯತ್ಯಾಸವನ್ನು ಗುರುತಿಸುವ ಬಗೆ

ಅಸೂಯೆ ಒಂದು ಭಾವನೆ. ಹಳೆಯ ಸಹಪಾಠಿಯೊಡನೆ ಪತ್ನಿ ದೀರ್ಘಕಾಲ ಮಾತನಾಡಿದ್ದರಿಂದ ಬೇಸರಗೊಂಡ ಪತಿಯು ಅದನ್ನು ತಿಳಿಸಿ, ಆಕೆಯ ಉತ್ತರ ಕೇಳಿ ಸುಮ್ಮನಾದರೆ ಅದು ಸಹಜ ಅಸೂಯೆ. ಆಕೆಯ ಒಡನಾಟಕ್ಕೆ ಅದರಿಂದ ಅಡ್ಡಿಯಾಗುವುದಿಲ್ಲ.

ಇದೇ ಸಂದರ್ಭ ಬೇರೆ ರೀತಿಯಲ್ಲಿಯೂ ಮುಂದುವರಿಯಬಹುದು. ಪತಿಯು ಮೊದಲು ಪಾಸ್‌ವರ್ಡ್ ಕೇಳುತ್ತಾರೆ. ನಂತರ ಪ್ರತಿ ರಾತ್ರಿ ಕರೆಗಳ ಪಟ್ಟಿ ನೋಡುತ್ತಾರೆ. ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬರುವಂತೆ ಒತ್ತಾಯಿಸುತ್ತಾರೆ. ಕೊನೆಗೆ ಅಕ್ಕನ ಮನೆಗೆ ಹೋಗುವುದಕ್ಕೂ ಅನುಮತಿ ಬೇಕಾಗುತ್ತದೆ. ಜಗಳವಾದೀತೆಂಬ ಭಯದಿಂದ ಪತ್ನಿಯು ತಾನಾಗಿಯೇ ಕರೆಗಳನ್ನು ನಿಲ್ಲಿಸುತ್ತಾರೆ. ಇಲ್ಲಿ ಭಾವನೆಯು ನಿಯಮವಾಗಿದೆ. "ಆಗುವುದಿಲ್ಲ" ಎಂದರೆ ಏನಾಗುತ್ತದೆ ಎಂಬುದೇ ಮುಖ್ಯ ಪರೀಕ್ಷೆ. ನಿರಾಕರಣೆಗೆ ಬೆದರಿಕೆ, ನಿಂದನೆ ಅಥವಾ ಮನೆಖರ್ಚಿನ ಹಣ ತಡೆಯುವ ಶಿಕ್ಷೆ ಎದುರಾದರೆ ಅದು ನಿಯಂತ್ರಣ. ಪರಸ್ಪರ ಒಪ್ಪಿ ಪಾಸ್‌ವರ್ಡ್ ಹಂಚಿಕೊಂಡಿರುವುದು ಮಾತ್ರ ನಿಯಂತ್ರಣವಾಗುವುದಿಲ್ಲ.

ಕಾಯ್ದೆಯ 3ನೇ ಪ್ರಕರಣದಂತೆ ಒಟ್ಟಾರೆ ಸಂಗತಿ ಮತ್ತು ಸನ್ನಿವೇಶಗಳನ್ನು ಪರಿಗಣಿಸಲಾಗುತ್ತದೆ. ಆದುದರಿಂದ ಒಂದು ದಿನದ ಜಗಳಕ್ಕಿಂತ ಮರುಕಳಿಸುವ ವರ್ತನೆಯ ವಿವರ ಹೆಚ್ಚು ಉಪಯುಕ್ತ.

ಮಾಹಿತಿ ನೀಡುವ ವಿಧಾನ

ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರು ಸಂರಕ್ಷಣಾಧಿಕಾರಿಯಾಗಿಯೂ ಕಾರ್ಯನಿರ್ವಹಿಸುತ್ತಾರೆ. ಅವರು ದೂರನ್ನು ನಮೂನೆ-1ರಲ್ಲಿ ಕೌಟುಂಬಿಕ ಘಟನಾ ವರದಿಯಾಗಿ ದಾಖಲಿಸುತ್ತಾರೆ. ನಿರ್ದಿಷ್ಟ ವ್ಯಕ್ತಿಯನ್ನು ಭೇಟಿಯಾಗದಂತೆ ತಡೆಯುವುದನ್ನು ಈ ನಮೂನೆಯಲ್ಲಿಯೇ ಹೆಸರಿಸಲಾಗಿದೆ. ಮಾಹಿತಿ ನೀಡಲು ಗಾಯದ ಗುರುತು ಇರಬೇಕೆಂದಿಲ್ಲ.

"ಯಾವಾಗಲೂ ಸಂಶಯಪಡುತ್ತಾರೆ" ಎಂಬ ಹೇಳಿಕೆಗಿಂತ, ಯಾವ ದಿನ, ಯಾರನ್ನು ಭೇಟಿಯಾಗದಂತೆ ತಡೆದರು, ಒಪ್ಪದಿದ್ದಾಗ ಏನು ಮಾಡಿದರು ಎಂಬ ವಿವರ ನೀಡುವುದು ಸೂಕ್ತ. ಮೊಬೈಲ್ ಪರಿಶೀಲನೆಗೆ ಒಳಗಾಗುತ್ತಿದ್ದಲ್ಲಿ ಈ ಟಿಪ್ಪಣಿಗಳನ್ನು ಅದರಲ್ಲಿ ಇಡಬಾರದು. ಕಾಗದದಲ್ಲಿ ಬರೆದು ನಂಬಿಕಸ್ಥರ ಬಳಿ ಇಡಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಮಾಡಿದ ಕರೆಯೂ ಪಟ್ಟಿಯಲ್ಲಿ ಉಳಿಯುವುದರಿಂದ ಬೇರೆ ದೂರವಾಣಿ ಬಳಸುವುದು ಸುರಕ್ಷಿತ.

ಮುಂದಿನ ಕ್ರಮ

ಮ್ಯಾಜಿಸ್ಟ್ರೇಟರಿಗೆ 12ನೇ ಪ್ರಕರಣದಡಿ ಅರ್ಜಿ ಸಲ್ಲಿಸಿ, 18ನೇ ಪ್ರಕರಣದಡಿ ರಕ್ಷಣಾ ಆದೇಶ ಕೋರಬಹುದು. ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ 3 ದಿನಗಳೊಳಗೆ ನಿಗದಿಪಡಿಸಬೇಕೆಂದು ಕಾಯ್ದೆ ತಿಳಿಸುತ್ತದೆ. ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಆದೇಶ ಹೊರಡಿಸುವುದು ನ್ಯಾಯಾಲಯದ ತೀರ್ಮಾನಕ್ಕೆ ಒಳಪಟ್ಟಿರುತ್ತದೆ.