ಪಕ್ಕದ ತಂಡದವರೂ ಸರಿಪಡಿಸಬಹುದಾದ ಟೂಲ್

‘ರಾತ್ರಿ ಪಾಳಿಯ ಭತ್ಯೆ ತಪ್ಪಾಗಿ ಬಂದಿದೆ, ದಯವಿಟ್ಟು ನೋಡಿ.’ ಕಂಪನಿಯೊಂದು ತನ್ನ ಬಳಕೆಗೆಂದೇ ಬರೆಸಿಕೊಂಡ ಸಾಫ್ಟ್‌ವೇರ್‌ಗೆ ಬರುವ ದೂರುಗಳು ಹೆಚ್ಚಾಗಿ ಹೀಗೇ ಇರುತ್ತವೆ. ಯಾವ ದಿನದ ಭತ್ಯೆ, ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂಬ ಸುಳಿವು ಇರುವುದಿಲ್ಲ. ಟೂಲ್ ನೋಡಿಕೊಳ್ಳುವ ಇಬ್ಬರು ಮೂವರಿಗೆ ಬೇರೆ ಕೆಲಸವೂ ಬೇಕಾದಷ್ಟಿರುತ್ತದೆ. ‘ಸ್ವಲ್ಪ ವಿವರ ಕೊಡಿ’ ಎಂದು ಅವರು ಬರೆದು, ಉತ್ತರ ಬರುವಷ್ಟರಲ್ಲಿ ವಾರ ಕಳೆದಿರುತ್ತದೆ. ಅಷ್ಟರೊಳಗೆ ಇನ್ನೊಂದು ಸಂಬಳದ ದಿನ ಬಂದಿರುತ್ತದೆ.

ದೂರು ಕೊಟ್ಟವರ ತಂಡದಲ್ಲೇ ಕೋಡ್ ಬರೆಯಬಲ್ಲವರು ಇದ್ದರೆ ಅವರೇ ಸರಿಪಡಿಸಿದರೆ ಆಗದೇ? ಆಗುತ್ತದೆ. ಓಪನ್ ಸೋರ್ಸ್ ಲೋಕದ ಈ ಪದ್ಧತಿಯನ್ನು ಕಂಪನಿಯ ಗೋಡೆಯೊಳಗೆ ತರುವುದಕ್ಕೆ ‘ಇನ್ನರ್ ಸೋರ್ಸ್’ ಎನ್ನುತ್ತಾರೆ. ಈ ಮಾತನ್ನು 2000ದಲ್ಲಿ ಬಳಕೆಗೆ ತಂದವರು ಪ್ರಕಾಶಕ ಟಿಮ್ ಓ’ರೈಲಿ. ಪೇಪಾಲ್‌ನಲ್ಲಿದ್ದ ಡನೀಸ್ ಕೂಪರ್ 2015ರಲ್ಲಿ ಇದಕ್ಕಾಗಿಯೇ ‘ಇನ್ನರ್‌ಸೋರ್ಸ್ ಕಾಮನ್ಸ್’ ಎಂಬ ಬಳಗ ಕಟ್ಟಿದರು. ಆದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಮಾತ್ರಕ್ಕೆ ಯಾರೂ ಬಂದು ಕೈಹಾಕುವುದಿಲ್ಲ. ಅದಕ್ಕೆ ಎರಡು ಸಣ್ಣ ಬರಹಗಳು ಬೇಕು: ದೂರು ಬರೆಯುವವರಿಗೆ ಒಂದು ನಮೂನೆ, ಸರಿಪಡಿಸುವವರಿಗೆ ಒಂದು ಕೈಪಿಡಿ. ಗಿಟ್‌ಹಬ್ ಬಳಸುವ ಕಂಪನಿಗಳಲ್ಲಿ ಮೊದಲನೆಯದು `.github/ISSUE_TEMPLATE` ಫೋಲ್ಡರ್‌ನಲ್ಲಿ ಕೂರುತ್ತದೆ, ಎರಡನೆಯದು `CONTRIBUTING.md` ಎಂಬ ಕಡತ.

ನಮೂನೆಯ ಹಿಂದೆ ಒಂದು ಸಣ್ಣ ಹೋರಾಟದ ಕಥೆ ಇದೆ. 2016ರ ಜನವರಿಯಲ್ಲಿ ಹಲವಾರು ಓಪನ್ ಸೋರ್ಸ್ ಯೋಜನೆಗಳನ್ನು ನಡೆಸುವವರು ಒಟ್ಟಾಗಿ ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ದೂರುಗಳಲ್ಲಿ ಬೇಕಾದ ವಿವರವೇ ಇರುವುದಿಲ್ಲ ಎಂಬುದು ಅವರ ಅಳಲುಗಳಲ್ಲೊಂದು. ಮರು ತಿಂಗಳೇ ಇಶ್ಯೂ ಟೆಂಪ್ಲೇಟ್ ಸೌಲಭ್ಯ ಬಂತು.

ಭತ್ಯೆಯ ದೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಂಥ ಟೂಲ್‌ಗೆ ಬರೆದ ನಮೂನೆಯ ಒಂದು ತುಣುಕು ಹೀಗಿರಬಹುದು:

```yaml
name: ಭತ್ಯೆಯ ಲೆಕ್ಕ ತಪ್ಪಾಗಿದೆ
description: ಮೊತ್ತ ಅಥವಾ ದಿನಾಂಕದಲ್ಲಿ ವ್ಯತ್ಯಾಸ ಕಂಡರೆ
body:
  - type: textarea
    id: punch-time
    attributes:
      label: ಯಾವ ದಿನ, ಎಷ್ಟು ಗಂಟೆಗೆ ಹಾಜರಿ ಹಾಕಿದ್ದು?
    validations:
      required: true
```

ಇದರ ಜೊತೆಗೆ ಇನ್ನೆರಡು ಪ್ರಶ್ನೆ ಸಾಕು: ಏನು ಬರಬೇಕಿತ್ತು, ಏನು ಬಂತು. ಕೆಳಗೆ ಒಂದು ಸಾಲಿನ ಎಚ್ಚರಿಕೆಯೂ ಇರಲಿ: ನೌಕರರ ಹೆಸರು, ಸಂಖ್ಯೆ, ಸಂಬಳದ ಚೀಟಿಯ ಚಿತ್ರ ಹಾಕಬೇಡಿ. ಕಂಪನಿಯೊಳಗಿನ ಪುಟವೇ ಆದರೂ ಅದನ್ನು ನೂರಾರು ಜನ ಓದಬಹುದು.

ಈ ಮೂರು ಪ್ರಶ್ನೆಗಳು ಮಾಡುವ ಕೆಲಸ ನೋಡಿ. ನಮೂನೆ ಬಂದ ಮೇಲೆ ಬಂದ ಮೂರು ದೂರುಗಳಲ್ಲಿ ಹಾಜರಿಯ ಹೊತ್ತು ಕ್ರಮವಾಗಿ ರಾತ್ರಿ 1 ಗಂಟೆ, 2.15, ಬೆಳಗಿನ ಜಾವ 5 ಗಂಟೆ ಎಂದುಕೊಳ್ಳೋಣ. ಏಪ್ರಿಲ್ 1ರ ರಾತ್ರಿ 1 ಗಂಟೆಗೆ ಕೆಲಸಕ್ಕೆ ಬಂದವರ ಭತ್ಯೆ ಮಾರ್ಚ್ ತಿಂಗಳಿಗೆ ಸೇರಿಕೊಂಡಿದೆ. ರಾತ್ರಿ 10ಕ್ಕೆ ಬಂದ ಯಾರಿಂದಲೂ ದೂರಿಲ್ಲ. ಸಾಫ್ಟ್‌ವೇರ್‌ನವರಿಗೆ ಇಷ್ಟು ಕಂಡರೆ ಸಾಕು, ಅನುಮಾನ ನೇರವಾಗಿ ಗಡಿಯಾರದ ಮೇಲೆ ಹೋಗುತ್ತದೆ. ಸರ್ವರ್‌ಗಳು ಸಾಮಾನ್ಯವಾಗಿ ವೇಳೆಯನ್ನು ಯುಟಿಸಿಯಲ್ಲಿ ಇಟ್ಟುಕೊಳ್ಳುತ್ತವೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ಇಲ್ಲಿ ಏಪ್ರಿಲ್ 1ರ ರಾತ್ರಿ 1 ಗಂಟೆ ಆಗಿರುವಾಗ ಸರ್ವರ್‌ಗೆ ಮಾರ್ಚ್ 31ರ ಸಂಜೆ 7.30. ಮಧ್ಯರಾತ್ರಿಯಿಂದ ಬೆಳಗಿನ 5.30ರೊಳಗೆ ಹಾಕಿದ ಹಾಜರಿಯೆಲ್ಲ ಹಿಂದಿನ ದಿನಕ್ಕೆ ಬೀಳುತ್ತದೆ. ಹಗಲು ಪಾಳಿಯಲ್ಲಿ ಕೂತು ಟೂಲ್ ಬರೆದವರ ಕಣ್ಣಿಗೆ ಇದು ಬೀಳದಿರುವುದು ಸಹಜ.

ಪರಿಹಾರ ಒಂದೇ ಸಾಲು. `punch_in.date()` ಎಂದು ಇದ್ದದ್ದನ್ನು ಹೀಗೆ ಬದಲಿಸಬೇಕು:

```python
punch_in.astimezone(ZoneInfo("Asia/Kolkata")).date()
```

ಆದರೆ ಬೇರೆ ತಂಡದವರಿಗೆ ಕಷ್ಟವಾಗುವುದು ಆ ಸಾಲಿನ ಹಿಂದೆ ಮುಂದೆ ಇರುವ ಕೆಲಸ. ಟೂಲನ್ನು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದು ಹೇಗೆ, ಪರೀಕ್ಷೆಗೆ ನಕಲಿ ದತ್ತಾಂಶ ಎಲ್ಲಿದೆ, ಬದಲಾವಣೆಯನ್ನು ಯಾರಿಗೆ ತೋರಿಸಬೇಕು ಎಂಬುದೆಲ್ಲ ಮೂಲ ತಂಡದವರ ತಲೆಯಲ್ಲಿ ಮಾತ್ರ ಇರುತ್ತದೆ. ಕೈಪಿಡಿ ಶುರುವಾಗಬೇಕಾದದ್ದು ಇಲ್ಲಿಂದ. ಕಂಪನಿಯ ಇತಿಹಾಸ, ಟೂಲ್‌ನ ಗುಣಗಾನ ಮೊದಲ ಪುಟದಲ್ಲಿ ಬೇಡ. ಹೊಸ ಲ್ಯಾಪ್‌ಟಾಪ್‌ನಿಂದ ಹಿಡಿದು ಟೆಸ್ಟ್‌ಗಳು ಪಾಸಾಗುವವರೆಗೆ ಟೈಪ್ ಮಾಡಬೇಕಾದ ಕಮ್ಯಾಂಡ್‌ಗಳು ಇದ್ದಹಾಗೇ ಇರಲಿ. ಯಾವ ಅನುಮತಿ ಬೇಕು, ಅದನ್ನು ಯಾರ ಬಳಿ ಕೇಳಬೇಕು ಎಂಬುದೂ ಇರಲಿ. ಹೊರಗಿನವರು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಅನುಮತಿಯ ಬಾಗಿಲಲ್ಲೇ.

ನಂತರದ ಭಾಗವನ್ನು ಬರೆಯಲು ಹಲವರು ಹಿಂಜರಿಯುತ್ತಾರೆ, ಆದರೆ ಕೈಪಿಡಿಯ ಜೀವ ಇರುವುದು ಅಲ್ಲಿ. ಯಾವುದಕ್ಕೆ ಕೈಹಾಕಬಾರದು ಎಂದು ಸ್ಪಷ್ಟವಾಗಿ ಹೇಳಬೇಕು. ‘ದಿನಾಂಕ, ವರದಿ, ಪರದೆಯ ತಪ್ಪುಗಳನ್ನು ನೇರವಾಗಿ ತಿದ್ದಿ ಕಳುಹಿಸಿ. ಬ್ಯಾಂಕ್‌ಗೆ ಹೋಗುವ ಕಡತವನ್ನು ತಯಾರಿಸುವ ಭಾಗವನ್ನು ಮುಟ್ಟುವ ಮುನ್ನ ನಮ್ಮೊಂದಿಗೆ ಮಾತಾಡಿ.’ ಇಷ್ಟು ಬರೆದಿದ್ದರೆ ನಾಲ್ಕು ದಿನ ಕೂತು ಮಾಡಿದ ಕೆಲಸ ತಿರಸ್ಕೃತವಾಗುವ ಬೇಸರ ತಪ್ಪುತ್ತದೆ. ಹಾಗೆ ಒಮ್ಮೆ ಬೇಸರಗೊಂಡು ಹೋದ ಸಹೋದ್ಯೋಗಿಯನ್ನು ಮತ್ತೆ ಕರೆತರುವುದು ಬಲು ಕಷ್ಟ.

ಸೇರಿಸಿದ ಮೇಲೆ ಏನಾದರೂ ಕೆಟ್ಟರೆ ಹೊಣೆ ಯಾರದು? ಮೂಲ ತಂಡದವರು ಹೊರಗಿನ ತಿದ್ದುಪಡಿಗೆ ಹೆದರುವುದು ಈ ಪ್ರಶ್ನೆಯಿಂದಲೇ. ಇನ್ನರ್‌ಸೋರ್ಸ್ ಕಾಮನ್ಸ್ ದಾಖಲಿಸಿರುವ ರೂಢಿಗಳಲ್ಲಿ ‘30 ದಿನಗಳ ವಾರಂಟಿ’ ಎಂಬುದೊಂದಿದೆ. ತಿದ್ದಿದ ತಂಡ ತನ್ನ ಕೋಡಿನಿಂದ ಬಂದ ದೋಷಗಳನ್ನು ಮೂವತ್ತು ದಿನ ತಾನೇ ಸರಿಪಡಿಸುತ್ತದೆ, ಆಮೇಲೆ ಅದು ಮೂಲ ತಂಡದ್ದು. ಭತ್ಯೆಯಂಥ ಟೂಲ್‌ಗೆ ಈ ಅವಧಿಯಲ್ಲಿ ಕನಿಷ್ಠ ಒಂದು ಸಂಬಳದ ದಿನ ಬರುವಂತೆ ನೋಡಿಕೊಳ್ಳುವುದು ಜಾಣತನ.

ನಮೂನೆಗೂ ಮಿತಿಗಳಿವೆ. ಮೇಲೆ ಕಂಡ `required: true` ಎಂಬ ಸಾಲು ಉತ್ತರ ಕೊಡದೆ ದೂರು ಕಳುಹಿಸಲು ಬಿಡುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಗಿಟ್‌ಹಬ್‌ನ ಕೈಪಿಡಿಯ ಪ್ರಕಾರ ಆ ಕಡ್ಡಾಯ ಸಾರ್ವಜನಿಕ ರಿಪಾಸಿಟರಿಗಳಿಗೆ ಮಾತ್ರ. ಕಂಪನಿಯೊಳಗಿನ ಟೂಲ್ ಇರುವುದು ಖಾಸಗಿ ರಿಪಾಸಿಟರಿಯಲ್ಲಿ. ಆದ್ದರಿಂದ ಅಲ್ಲಿ ನಿಯಮವನ್ನು ನೆಚ್ಚಿಕೊಳ್ಳದೆ ಪ್ರಶ್ನೆಯನ್ನೇ ಉತ್ತರಿಸಲು ಸುಲಭವಾಗುವಂತೆ ಬರೆಯಬೇಕು. ಹದಿನೈದು ಪ್ರಶ್ನೆ ಇಟ್ಟರೆ ಜನ ಚುಕ್ಕೆ ಹಾಕಿ ಮುಂದೆ ಹೋಗುತ್ತಾರೆ. ಹತ್ತು ದೂರುಗಳನ್ನು ತೆರೆದು ನೋಡಿದರೆ ಇದು ತಿಳಿಯುತ್ತದೆ: ಪದೇ ಪದೇ ಚುಕ್ಕೆ ಬಿದ್ದ ಪ್ರಶ್ನೆಯನ್ನು ತೆಗೆಯಬೇಕು, ಮೂಲ ತಂಡ ಪ್ರತಿ ದೂರಿನ ಕೆಳಗೂ ಕೇಳುತ್ತಿರುವ ಪ್ರಶ್ನೆಯನ್ನು ಸೇರಿಸಬೇಕು.

ಕೈಪಿಡಿಯನ್ನು ಪರೀಕ್ಷಿಸುವ ದಾರಿಯೂ ಸರಳ. ಬೇರೆ ತಂಡದ ಒಬ್ಬರ ಮುಂದೆ ಅದನ್ನಿಟ್ಟು, ಪಕ್ಕದಲ್ಲಿ ಮಾತಾಡದೆ ಕೂರಬೇಕು. ಅವರು ತಲೆಯೆತ್ತಿ ಏನಾದರೂ ಕೇಳಿದರೆ ಆ ಜಾಗದಲ್ಲಿ ಒಂದು ಸಾಲು ಕಡಿಮೆ ಇದೆ ಎಂದರ್ಥ.

ಕೊನೆಗೆ, ಬಂದ ತಿದ್ದುಪಡಿಗೆ ಎಷ್ಟು ದಿನದಲ್ಲಿ ಉತ್ತರಿಸುತ್ತೇವೆ ಎಂಬ ಮಾತನ್ನೂ ಕೈಪಿಡಿಯಲ್ಲಿ ಕೊಡಬೇಕು. ತಿಂಗಳ ಕೊನೆಯ ವಾರ ಸಂಬಳದ ಗಡಿಬಿಡಿಯಲ್ಲಿ ಏನನ್ನೂ ನೋಡಲಾಗದಿದ್ದರೆ ಅದನ್ನೂ ಬರೆಯಬೇಕು. ಎರಡು ದಿನ ಎಂದು ಬರೆದು ಎರಡು ವಾರ ಸುಮ್ಮನಿರುವ ತಂಡಕ್ಕಿಂತ, ಒಂದು ವಾರ ಬೇಕು ಎಂದು ಬರೆದು ಆರನೇ ದಿನ ಉತ್ತರಿಸುವ ತಂಡಕ್ಕೇ ಎರಡನೇ ತಿದ್ದುಪಡಿ ಬರುವುದು.