ಹಗುರ ಮಳೆಯೆಂದರೆ ಎಂತಹ ಮಳೆ?

ಆಷಾಢದ ಬೆಳಗಿನಲ್ಲಿ ‘ಕರಾವಳಿಯಲ್ಲಿ ಇಂದು ಹಗುರ ಮಳೆ’ ಎಂಬ ವರ್ತಮಾನವನ್ನು ಕೇಳಿದಾಗ ಮಂಗಳೂರು ಪಟ್ಟಣದ ನಾವು ಕೊಡೆಯನ್ನು ಕೈಗೆತ್ತಿಕೊಂಡು ಹೊರಡುವೆವು. ನಮ್ಮ ಯೋಚನೆ ಅಲ್ಲಿಗೆ ಮುಗಿಯಿತು. ಪಟ್ಟಣದಾಚೆ ಅಡಕೆಯ ತೋಟದವನಿಗೆ ಮಾತ್ರ ಆಗಲೇ ಯೋಚನೆ ಮೊದಲಾಗುವುದು. ಮೈಲುತುತ್ತವನ್ನು ನೆನೆಯಿಸಬೇಕೆ? ಮರವೇರುವವರಿಗೆ ಹೇಳಿಕಳುಹಬೇಕೆ? ಅವನಿಗೆ ಉತ್ತರವು ಆ ‘ಹಗುರ’ ಎಂಬ ಒಂದು ಮಾತಿನಲ್ಲಿ ದೊರೆಯುವುದೇ ಎಂಬುದನ್ನು ಈಗ ವಿಚಾರಿಸೋಣ.

ಹವಾಮಾನ ಇಲಾಖೆಯವರು ಈ ಮಾತುಗಳಿಗೆ ಅಳತೆಯನ್ನು ಗೊತ್ತುಮಾಡಿರುವರು. ಒಂದು ದಿನದ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಮಾಪಕದಲ್ಲಿ ಕೂಡಿದ ನೀರು 2.5ರಿಂದ 15.5 ಮಿಲಿಮೀಟರಾದರೆ ಅದು ಹಗುರ, ಅಲ್ಲಿಂದ 64.4ರವರೆಗೆ ಸಾಧಾರಣ; ಅದನ್ನು ಮೀರಿದರೆ ಭಾರಿ. ಮಾಪಕಕ್ಕೆ ಗೊತ್ತಿರುವುದು ಮೊತ್ತವೊಂದೇ. ಆ ನೀರು ಕಾಲು ಗಂಟೆಯಲ್ಲಿ ಸುರಿಯಿತೋ ದಿನವಿಡೀ ತೊಟ್ಟಿಕ್ಕಿತೋ ಎಂಬುದನ್ನು ‘ಹಗುರ’ ಎಂಬ ಮಾತು ತಿಳಿಸದು.

ನಮ್ಮ ಆಡುಮಾತಿನ ಶಬ್ದಗಳ ರೀತಿಯೇ ಬೇರೆ. ತುಂತುರು, ಸೋನೆ, ಜಡಿ, ಮುಸಲಧಾರೆ ಎಂಬಿವು ಮಳೆಯ ಮೊತ್ತವನ್ನಲ್ಲ, ಅದು ಬೀಳುವ ಬಗೆಯನ್ನು ಹೇಳುವುವು. ತುಂತುರಿನ ಹನಿ ಬಲು ಕಿರಿದು. ಶಾಸ್ತ್ರಜ್ಞರು ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿಗಳನ್ನು ಮಾತ್ರ ಆ ವರ್ಗಕ್ಕೆ ಸೇರಿಸುವರು. ಸಣ್ಣ ಹನಿಯೇ ಬಿಡದೆ ಬೀಳುತ್ತಿದ್ದರೆ ಸೋನೆ. ಎಡೆಬಿಡದೆ ಹಿಡಿದು ಹೊಯ್ಯುವುದು ಜಡಿ. ಒಮ್ಮೆಲೇ ಬಂದು ಒಮ್ಮೆಲೇ ನಿಲ್ಲುವ ಬಿರುಸಿನ ಮಳೆಯು ಎತ್ತರಕ್ಕೆ ಬೆಳೆದ ಒಂಟಿ ಮೋಡದಿಂದ ಬರುವುದು. ಸೋನೆಯು ಬಾನನ್ನೆಲ್ಲ ಮುಸುಕಿದ ಪದರ ಮೋಡದಿಂದ ಇಳಿಯುವುದು.

ಈ ಭೇದವು ತೋಟದಲ್ಲಿ ಹೇಗೆ ಫಲಿಸುವುದೆಂಬುದಕ್ಕೆ ಕೊಳೆರೋಗವೇ ಸಾಕ್ಷಿ. ಅಡಕೆಯ ಎಳೆಗಾಯಿಗಳನ್ನು ಕೊಳೆಯಿಸಿ ಉದುರಿಸುವ ಈ ಬೇನೆಯನ್ನು ಮೈಸೂರು ಸೀಮೆಯಲ್ಲಿ ಶೋಧಿಸಿ, ಅದರ ಕಾರಣವಾದ ಶಿಲೀಂಧ್ರವನ್ನು ಲೆಸ್ಲಿ ಕೋಲ್ಮನ್ನರು 1910ರಲ್ಲಿ ವರ್ಣಿಸಿದರು. ಅದರ ಬೀಜಾಣುಗಳು ನೀರಿನ ಪೊರೆಯಲ್ಲಿ ಈಜಿ ಕಾಯಿಯನ್ನು ಹೊಗುವುವು. ಇದಕ್ಕೆ ಬೋರ್ಡೋ ದ್ರಾವಣವೇ ಪರಿಹಾರ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಮಳೆಗಾಲದ ಮುನ್ನ ಒಮ್ಮೆ, ಸುಮಾರು 40 ದಿನಗಳ ಬಳಿಕ ಇನ್ನೊಮ್ಮೆ ಗೊನೆಗಳಿಗೆ ಸಿಂಪಡಿಸಬೇಕು. ಕಲಸಿದ ದ್ರಾವಣವನ್ನು ಅಂದೇ ಬಳಸಬೇಕು. ಕಾಯಿಯ ಮೇಲೆ ಅದು ಒಣಗಿ ಪೊರೆಗಟ್ಟಬೇಕು.

ಜುಲೈ ನಡುವಿನ ಎರಡನೆಯ ಸಿಂಪಡಣೆಯ ದಿನವನ್ನು ಭಾವಿಸೋಣ. ವರ್ತಮಾನ ‘ಹಗುರ ಮಳೆ’. ಬಿದ್ದದ್ದು 12 ಮಿಲಿಮೀಟರು. ಈ ಮಳೆ ಸಂಜೆ ನಾಲ್ಕಕ್ಕೆ ಬಂದು 20 ನಿಮಿಷಗಳಲ್ಲಿ ನಿಂತಿತೆಂದರೆ, ಬೆಳಿಗ್ಗೆ ಸಿಂಪಡಿಸಿದ ಮದ್ದು ಅಷ್ಟರಲ್ಲಿ ಒಣಗಿ ಅಂಟಿರುವುದು, ಕೆಲಸ ಕೈಗೂಡಿತು. ಅದೇ 12 ಮಿಲಿಮೀಟರು ಬೆಳಗಿನ ಒಂಬತ್ತರಿಂದ ರಾತ್ರಿಯ ಒಂಬತ್ತರವರೆಗೆ ಗಂಟೆಗೆ ಒಂದೊಂದು ಮಿಲಿಮೀಟರಿನಂತೆ ಸೋನೆಯಾಗಿ ಇಳಿದರೆ ಕಾಯಿ ಒಂದು ಗಳಿಗೆಯೂ ಆರದು. ಮದ್ದು ಜಾರಿ ನೆಲಕ್ಕಿಳಿಯುವುದು. ಕೂಲಿಯೂ ಮೈಲುತುತ್ತವೂ ವ್ಯರ್ಥ. ಅಷ್ಟೇ ಅಲ್ಲ, ಬೇನೆಯ ಬೀಜಾಣುಗಳಿಗೆ ಬೇಕಾದ ತೇವವೂ ಅಂದೇ ಒದಗುವುದು. ಇದಕ್ಕೆ ಪ್ರತಿಯಾಗಿ, ‘ಭಾರಿ’ ಎನಿಸುವ 70 ಮಿಲಿಮೀಟರು ನಡುರಾತ್ರಿಯಲ್ಲಿ ಮೂರು ಗಂಟೆ ಸುರಿದು ಹಗಲೆಲ್ಲ ಬಿಸಿಲಿದ್ದರೆ, ಹೆದರಿಸಿದ ಆ ಮಾತಿನ ದಿನವೇ ಕೆಲಸಕ್ಕೆ ಒದಗಿದ ದಿನವಾಗಬಹುದು.

ಇನ್ನೊಂದು ಎಡವಟ್ಟು ‘ಒಂದೆರಡು ಕಡೆ’, ‘ಹಲವೆಡೆ’ ಎಂಬ ಮಾತುಗಳಲ್ಲಿದೆ. ಇವು ಮಳೆ ಎಷ್ಟು ಹೊತ್ತು ಬೀಳುವುದೆಂಬುದನ್ನು ಸೂಚಿಸುವುದಿಲ್ಲ. ಆ ಪ್ರಾಂತದ ಮಾಪನ ಕೇಂದ್ರಗಳಲ್ಲಿ ಎಷ್ಟು ಪಾಲು ನೆನೆಯುವುದೆಂಬುದನ್ನು ಸೂಚಿಸುತ್ತವೆ. ‘ಒಂದೆರಡು ಕಡೆ’ ಎಂದರೆ ನಾಲ್ಕರಲ್ಲೊಂದು ಪಾಲಿಗೆ ಮೀರದು. ಆ ಪಾಲಿನಲ್ಲಿ ನಮ್ಮ ತೋಟ ಸೇರಿತೋ ಇಲ್ಲವೋ ಎಂಬುದು ಈ ಮಾತಿನಿಂದ ತಿಳಿಯದು.

ಹಾಗಾದರೆ ಮಳೆಯ ಬಗೆಯನ್ನು ಮುಂದಾಗಿ ಊಹಿಸುವ ದಾರಿಯಿಲ್ಲವೆ? ಸ್ವಲ್ಪ ಮಟ್ಟಿಗೆ ಉಂಟು. ರೈತರಿಗಾಗಿ ಮಂಗಳವಾರ ಮತ್ತು ಶುಕ್ರವಾರಗಳಲ್ಲಿ ಹೊರಡುವ ಕೃಷಿ ಹವಾಮಾನ ಪತ್ರಿಕೆಯಲ್ಲಿ ಮುಂದಿನ ಐದು ದಿನಗಳ ಮಳೆಯ ಮೊತ್ತದ ಜೊತೆಗೆ ಆರ್ದ್ರತೆಯನ್ನೂ ಮೋಡದ ಪ್ರಮಾಣವನ್ನೂ ಕೊಡುವರು. ಮೋಡವನ್ನು ಆಕಾಶದ ಎಂಟು ಪಾಲುಗಳಲ್ಲಿ ಎಣಿಸುವರು. 12 ಮಿಲಿಮೀಟರಿನ ಪಕ್ಕದಲ್ಲಿ ಮೋಡ ಎಂಟಕ್ಕೆ ಎಂಟು, ಮಧ್ಯಾಹ್ನದ ಆರ್ದ್ರತೆಯೂ ಹೆಚ್ಚು ಎಂದಿದ್ದರೆ ಸೋನೆಯನ್ನು ಶಂಕಿಸಬೇಕು. ಮೋಡ ನಾಲ್ಕೈದು ಪಾಲು ಮಾತ್ರ ಎಂದಿದ್ದರೆ ನಡುನಡುವೆ ಒಣ ಹೊತ್ತು ದೊರೆಯುವ ಸಂಭವ ಹೆಚ್ಚು. ಜಿಲ್ಲೆಗೆ ಒಂದೇ ಅಂಕಿಯಾದುದರಿಂದ ಇದು ಊಹೆಯೇ ಸರಿ. ಬೆಳಿಗ್ಗೆ ಪಡುವಣ ದಿಕ್ಕಿನ ಬಾನನ್ನು ನೋಡಿ ಅದನ್ನು ತಿದ್ದಿಕೊಳ್ಳಬೇಕು.

ಹವೆಯ ವರ್ತಮಾನವನ್ನು ಕನ್ನಡಕ್ಕೆ ತರುವವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ‘ಹಗುರ’ ಎಂಬ ಮೊತ್ತದ ಮಾತಿನ ಜೊತೆಗೆ, ತಿಳಿದಷ್ಟು ಮಟ್ಟಿಗೆ, ಸೋನೆಯೋ ಬಿರುಮಳೆಯೋ, ಹಗಲೋ ಇರುಳೋ ಎಂಬುದನ್ನೂ ಹೇಳಲಿ. ಆ ಎರಡು ಮಾತುಗಳಿಗಾಗಿಯೇ ತೋಟದವನು ಸುಣ್ಣವನ್ನು ಕಲಸದೆ ಕಾದಿರುವನು.