ರಮೇಶ ವಾಸುವಾಗುವ ಮೊದಲು

ಕಾದಂಬರಿ ಮುಗಿದ ಮೇಲೆ ನಾಯಕನ ಹೆಸರು ಬದಲಿಸುವ ಮನಸ್ಸಾಯಿತು ಅನ್ನಿ. ‘ರಮೇಶ’ ಹೋಗಿ ‘ವಾಸು’ ಬರಬೇಕು. ಕಂಪ್ಯೂಟರಿಗೆ ಒಂದೇ ಆದೇಶ ಕೊಟ್ಟರೆ ‘ರಮೇಶನಿಗೆ’ ಎಂಬುದು ‘ವಾಸುನಿಗೆ’ ಆಗಿಬಿಡುತ್ತದೆ. ಅಕಾರದಲ್ಲಿ ಮುಗಿಯುವ ಗಂಡುಹೆಸರಿಗೆ ‘ನ’ಕಾರ ಬಂದರೆ, ಉಕಾರದ ಹೆಸರಿಗೆ ‘ವ’ಕಾರ ಬರುತ್ತದೆ: ವಾಸುವಿಗೆ, ವಾಸುವನ್ನು.

ಹಾಗಾಗಿ ಬರಿಯ ಹೆಸರನ್ನು ಕೊನೆಗೆ ಬಿಟ್ಟು, ಪ್ರತ್ಯಯ ಹತ್ತಿದ ರೂಪಗಳನ್ನು ಮೊದಲು ಬದಲಿಸಬೇಕು. ಮೊದಲು ‘ರಮೇಶನನ್ನ’ ಹುಡುಕಿ ‘ವಾಸುವನ್ನ’ ಹಾಕಿ. ಆಮೇಲೆ ‘ರಮೇಶನಿಗ’ ಇದ್ದಲ್ಲಿ ‘ವಾಸುವಿಗ’. ಹೀಗೆ ಅರ್ಧಕ್ಕೆ ನಿಲ್ಲಿಸಿದರೆ ‘ನಿಗೆ’, ‘ನಿಗೂ’, ‘ನಿಗಿಂತ’ ಮೂರೂ ಒಟ್ಟಿಗೆ ಸಿಗುತ್ತವೆ. ‘ರಮೇಶನು’, ‘ರಮೇಶನೇ’, ‘ರಮೇಶನೂ’ ಇವು ‘ವಾಸುವು’, ‘ವಾಸುವೇ’, ‘ವಾಸುವೂ’ ಆಗಲಿ. ‘ರಮೇಶನಲ್ಲ’ ಮಾತ್ರ ಕಣ್ಣಿಟ್ಟು ನೋಡಬೇಕಾದದ್ದು: ಅದು ‘ವಾಸುವಲ್ಲ’, ಆದರೆ ‘ರಮೇಶನಲ್ಲಿ’ ಎಂಬುದು ‘ವಾಸುವಿನಲ್ಲಿ’. ಇವೆಲ್ಲ ಆದ ಮೇಲೆಯೇ ‘ರಮೇಶನ’ ತೆಗೆದು ‘ವಾಸುವಿನ’ ಹಾಕಿ. ‘ರಮೇಶನಿಂದ’, ‘ರಮೇಶನೊಂದಿಗೆ’ ಸಾಮಾನ್ಯವಾಗಿ ಅದರ ಜೊತೆಗೇ ಸರಿಹೋಗುತ್ತವೆ. ಇದನ್ನೇ ಮೊದಲು ಮಾಡಿದರೆ ‘ವಾಸುವಿನನ್ನು’ ಎಂಬ ವಿಚಿತ್ರ ಹುಟ್ಟುತ್ತದೆ.

ಸಂಭಾಷಣೆಯ ಕರೆಗಳು ಇನ್ನೊಂದು ತಲೆನೋವು. ‘ರಮೇಶಾ!’ ಎಂಬಲ್ಲಿ ಹೆಸರಷ್ಟೇ ಬದಲಾದರೆ ದೀರ್ಘದ ಚಿಹ್ನೆ ಅನಾಥವಾಗಿ ಉಳಿದು, ಎಷ್ಟೋ ಸಲ ಪರದೆಯ ಮೇಲೆ ಚುಕ್ಕಿಗಳ ವೃತ್ತವೊಂದು ಕಾಣಿಸುತ್ತದೆ. ‘ರಮೇಶ್’ ಎಂದು ಬರೆದಲ್ಲಿಯೂ ಇದೇ ಗತಿ. ಇವನ್ನು ಕೈಯಾರೆ ತಿದ್ದುವುದೇ ಲೇಸು.

ಕೊನೆಗೆ ‘ರಮೇ’ ಮತ್ತು ‘ವಾಸುನ’ ಎರಡನ್ನೂ ಹುಡುಕಿ. ಎರಡೂ ಸಿಗದಿದ್ದರೂ ಒಮ್ಮೆ ಪೂರ್ತಿ ಓದದೆ ಪ್ರಕಾಶಕರಿಗೆ ಕಳಿಸಬೇಡಿ.